ಅರಿಶಿನ ರಫ್ತು: ಹಡಗು ಸಾಗಣೆಗೆ ದರಪಟ್ಟಿ ಕೋರುವ ಮಿಂಚಂಚೆಯಲ್ಲಿ ಇರಬೇಕಾದ ವಿವರಗಳು

ಗುಂಡ್ಲುಪೇಟೆ ಹಾಗೂ ಚಾಮರಾಜನಗರ ತಾಲ್ಲೂಕುಗಳ ಅರಿಶಿನವನ್ನು ಪ್ರಥಮ ಬಾರಿಗೆ ಹೊರದೇಶಕ್ಕೆ ಕಳುಹಿಸಲಿರುವ ರೈತ ಉತ್ಪಾದಕ ಸಂಸ್ಥೆಗಳು ಮತ್ತು ವರ್ತಕರ ಮಾಹಿತಿಗಾಗಿ ಈ ಲೇಖನವನ್ನು ನೀಡಲಾಗಿದೆ.

ಸರಕನ್ನು ಹಡಗಿಗೆ ತಲುಪಿಸುವ ಏರ್ಪಾಡು ಮಾಡುವವರನ್ನು ಫ್ರೈಟ್ ಫಾರ್ವರ್ಡರ್ ಎನ್ನುತ್ತಾರೆ. ಮೂವರು ಫಾರ್ವರ್ಡರ್‌ಗಳಿಗೆ “5 ಟನ್ ಅರಿಶಿನವನ್ನು ದುಬೈಗೆ ಕಳುಹಿಸಲು ಎಷ್ಟಾಗುತ್ತದೆ?” ಎಂದಷ್ಟೇ ಬರೆದರೆ ಒಂದಕ್ಕೊಂದು ಹೋಲದ ಮೂರು ಮೊತ್ತಗಳು ಬರುತ್ತವೆ. ಪ್ರಶ್ನೆಯಲ್ಲಿ ಬಿಟ್ಟುಹೋದ ಅಂಶಗಳನ್ನು ಪ್ರತಿಯೊಬ್ಬರೂ ತಮ್ಮ ಊಹೆಯಿಂದ ತುಂಬಿಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ.

ಮೊದಲ ಊಹೆ ಸರಕಿನ ಗಾತ್ರಕ್ಕೆ ಸಂಬಂಧಿಸಿದ್ದು. 5 ಟನ್ ಸರಕಿಗೆ ಇಡೀ ಕಂಟೇನರ್ ಬೇಕಾಗದಿದ್ದಲ್ಲಿ, ಇತರರ ಸರಕಿನೊಂದಿಗೆ ಕಂಟೇನರ್ ಹಂಚಿಕೊಳ್ಳುವ ಎಲ್.ಸಿ.ಎಲ್. ವಿಧಾನದಲ್ಲಿ ಕಳುಹಿಸಬಹುದು. ಇಲ್ಲಿ ಟನ್ ಲೆಕ್ಕದ ತೂಕ ಮತ್ತು ಘನ ಮೀಟರ್ ಲೆಕ್ಕದ ಗಾತ್ರ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ವಿಧಿಸಲಾಗುತ್ತದೆ. ಉದಾಹರಣೆಗೆ, 50 ಕಿಲೋ ಅರಿಶಿನ ಕೊಂಬು ತುಂಬಿದ ಚೀಲವೊಂದು 90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 20 ಸೆಂ.ಮೀ. ದಪ್ಪ ಇದ್ದರೆ ಅದರ ಗಾತ್ರ 0.108 ಘನ ಮೀಟರ್. 100 ಚೀಲಗಳಿಗೆ 10.8 ಘನ ಮೀಟರ್. ತೂಕ 5 ಟನ್ ಮಾತ್ರವಾದರೂ ದರ ಬೀಳುವುದು 10.8ಕ್ಕೆ. ತೂಕವನ್ನಷ್ಟೇ ತಿಳಿಸಿದಲ್ಲಿ, 5 ಎಂದು ಲೆಕ್ಕ ಹಾಕಿದವರ ದರಪಟ್ಟಿ ಅಗ್ಗವಾಗಿ ಕಾಣುತ್ತದೆ. ಬಂದರಿನ ಗೋದಾಮಿನಲ್ಲಿ ಅಳತೆಯಾದ ನಂತರ ಬಿಲ್ಲು ಇಮ್ಮಡಿಗೂ ಮೀರುತ್ತದೆ. ಆದ್ದರಿಂದ ತುಂಬಿದ ಚೀಲವನ್ನು ಅಳೆದು ಬರೆಯತಕ್ಕದ್ದು.

ಎರಡನೆಯದು, ಯಾವ ವೆಚ್ಚವನ್ನು ಯಾರು ಭರಿಸುತ್ತಾರೆ ಎಂಬುದು. ಖರೀದಿದಾರರೊಂದಿಗಿನ ಒಪ್ಪಂದ ಎಫ್.ಒ.ಬಿ. ಆಗಿದ್ದರೆ ಹಡಗು ಬಾಡಿಗೆ ಅವರದು, ಸಿ.ಎಫ್.ಆರ್. ಆಗಿದ್ದರೆ ರಫ್ತುದಾರರದು. ಆದರೆ ಸಿ.ಎಫ್.ಆರ್. ಒಪ್ಪಂದದಲ್ಲಿಯೂ ತಲುಪುವ ಬಂದರಿನ ಗೋದಾಮು ಮತ್ತು ನಿರ್ವಹಣಾ ಶುಲ್ಕಗಳು ಸಾಮಾನ್ಯವಾಗಿ ಖರೀದಿದಾರರ ಮೇಲೆ ಬೀಳುತ್ತವೆ. ಕೆಲವರು ಹಡಗು ಬಾಡಿಗೆಯನ್ನು ತೀರಾ ಕಡಿಮೆ ತೋರಿಸಿ, ಆ ಕೊರತೆಯನ್ನು ಅಲ್ಲಿನ ಶುಲ್ಕದಲ್ಲಿ ವಸೂಲು ಮಾಡುವುದುಂಟು.

ಲೆಕ್ಕ ತೋರಿಸಲು ಮಾತ್ರ ಕಲ್ಪಿಸಿದ ದರಗಳನ್ನು ನೋಡುವುದು. ಮೊದಲನೆಯವರು ಘನ ಮೀಟರಿಗೆ 10 ಡಾಲರ್ ಬಾಡಿಗೆ ಹಾಗೂ ದುಬೈನಲ್ಲಿ 60 ಡಾಲರ್ ಶುಲ್ಕ ವಿಧಿಸುತ್ತಾರೆ. ಎರಡನೆಯವರದು ಬಾಡಿಗೆ 35, ಶುಲ್ಕ 25. ಬಾಡಿಗೆಯನ್ನಷ್ಟೇ ನೋಡಿದರೆ ಮೊದಲನೆಯವರದು 108 ಡಾಲರ್, ಎರಡನೆಯವರದು 378. ಎರಡೂ ಸೇರಿದರೆ ಮೊದಲನೆಯವರದು 756, ಎರಡನೆಯವರದು 648. ಅಗ್ಗವೆಂದು ಮೊದಲನೆಯವರನ್ನು ಆರಿಸಿದಲ್ಲಿ ಖರೀದಿದಾರರು ಅನಿರೀಕ್ಷಿತವಾಗಿ 648 ಡಾಲರ್ ತೆರಬೇಕಾಗುತ್ತದೆ. ಅವರ ಎರಡನೇ ಬೇಡಿಕೆ ಬಾರದಿರಲು ಇಷ್ಟೇ ಸಾಕು.

ಮೂರನೆಯದು ರಸ್ತೆ ಸಾಗಣೆ. ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಕೇರಳ ಮತ್ತು ಊಟಿಯತ್ತ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಸಂಜೆ ತಡವಾಗಿ ಸರಕು ತುಂಬಿದ ಲಾರಿ ಬೆಳಗಿನವರೆಗೆ ನಿಂತರೆ ಕಾಯುವ ಬಾಡಿಗೆ ಯಾರದೆಂಬ ಪ್ರಶ್ನೆ ಏಳುತ್ತದೆ. ಆದುದರಿಂದ ಸರಕು ತುಂಬುವ ಸ್ಥಳದೊಂದಿಗೆ ಸಮಯವನ್ನೂ ನಮೂದಿಸುವುದು ಸೂಕ್ತ.

ಮೇಲಿನ ಅಂಶಗಳನ್ನು ಒಳಗೊಂಡ ಮಿಂಚಂಚೆಯ ಮಾದರಿ ಹೀಗಿದೆ:

“ಮಾನ್ಯರೇ, ಇದು ನಮ್ಮ ಮೊದಲ ರಫ್ತು. ಐ.ಇ.ಸಿ. ಸಂಖ್ಯೆ ಹಾಗೂ ಸಾಂಬಾರ ಮಂಡಳಿಯ ನೋಂದಣಿ ಪಡೆದಿದ್ದೇವೆ. ಸರಕು: ಒಣ ಅರಿಶಿನ ಕೊಂಬು, ಎಚ್.ಎಸ್. ಸಂಕೇತ 091030, 100 ಚೀಲಗಳು, ಚೀಲ ಸಹಿತ ಒಟ್ಟು ತೂಕ 5,050 ಕಿಲೋ, ಗಾತ್ರ 10.8 ಘನ ಮೀಟರ್. ಗುಂಡ್ಲುಪೇಟೆಯ ನಮ್ಮ ಗೋದಾಮಿನಲ್ಲಿ ಬೆಳಿಗ್ಗೆ 8ಕ್ಕೆ ತುಂಬಿಸಲಾಗುವುದು. ಸಿದ್ಧವಾಗುವ ದಿನಾಂಕ ಇಂಥದ್ದು. ಕೊಚ್ಚಿಯಿಂದ ದುಬೈನ ಜೆಬೆಲ್ ಅಲಿಗೆ, ಎಲ್.ಸಿ.ಎಲ್., ಷರತ್ತು ಸಿ.ಎಫ್.ಆರ್. ದಯವಿಟ್ಟು ರಸ್ತೆ ಸಾಗಣೆ, ಕೊಚ್ಚಿಯ ಶುಲ್ಕ ಮತ್ತು ಕಸ್ಟಮ್ಸ್ ಕೆಲಸ, ಹಡಗು ಬಾಡಿಗೆ, ಜೆಬೆಲ್ ಅಲಿಯಲ್ಲಿನ ಶುಲ್ಕ, ಇವುಗಳನ್ನು ಪ್ರತ್ಯೇಕವಾಗಿ ತೋರಿಸಿ. ಸೇರದ ವೆಚ್ಚಗಳು, ಡಾಲರ್ ವಿನಿಮಯ ದರ, ತಲುಪುವ ದಿನಗಳು ಮತ್ತು ದರದ ಅವಧಿಯನ್ನು ತಿಳಿಸಿ. ಉತ್ತರಕ್ಕೆ ಕೊನೆಯ ದಿನಾಂಕ ಇಂಥದ್ದು.”

ಇದೇ ಪತ್ರವನ್ನು ಅಕ್ಷರ ಬದಲಿಸದೆ ಎಲ್ಲರಿಗೂ ಬೇರೆ ಬೇರೆಯಾಗಿ ಕಳುಹಿಸತಕ್ಕದ್ದು. ಒಬ್ಬರು ಸ್ಪಷ್ಟೀಕರಣ ಕೇಳಿದಲ್ಲಿ ಅದರ ಉತ್ತರವನ್ನು ಉಳಿದವರಿಗೂ ತಿಳಿಸಬೇಕು. ಇಲ್ಲವಾದಲ್ಲಿ ಪ್ರಶ್ನೆ ಮತ್ತೆ ಬೇರೆಯಾಗುತ್ತದೆ. ಉತ್ತರಗಳು ಬಂದ ಮೇಲೆ ಒಂದೇ ಹಾಳೆಯಲ್ಲಿ ಬಾಬ್ತುವಾರು ಎದುರುಬದುರು ಬರೆದುಕೊಳ್ಳಬೇಕು. ಯಾವುದಾದರೂ ಅಂಕಣ ಖಾಲಿ ಉಳಿದರೆ ಅದನ್ನು ಸೊನ್ನೆಯೆಂದು ಭಾವಿಸದೆ, ಮೊತ್ತವನ್ನು ಲಿಖಿತವಾಗಿ ಕೇಳಿ ಪಡೆದ ಬಳಿಕವೇ ಒಪ್ಪಿಗೆ ನೀಡತಕ್ಕದ್ದು.