ಕುರ್ಚಿ ಬಂತು, ಅಧಿಕಾರ ಬಂತೇ? ಒಂದು ಉತ್ತರಕ್ಕೆ ಅಂಕ ಹಾಕುವ ಬಗೆ

ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲಿ ಸಾಮಾನ್ಯವಾಗಿ 20 ಪ್ರಶ್ನೆಗಳಿರುತ್ತವೆ. ಅರ್ಧ ಪ್ರಶ್ನೆಗಳಿಗೆ 10 ಅಂಕ, 150 ಪದ. ಉಳಿದರ್ಧಕ್ಕೆ 15 ಅಂಕ, 250 ಪದ. ಮೂರು ಗಂಟೆಯನ್ನು 250 ಅಂಕಕ್ಕೆ ಹಂಚಿದರೆ ಹತ್ತು ಅಂಕದ ಉತ್ತರಕ್ಕೆ ಸಿಗುವುದು ಏಳು ನಿಮಿಷ ಚಿಲ್ಲರೆ. ಆಯೋಗ ಮಾದರಿ ಉತ್ತರಗಳನ್ನು ಪ್ರಕಟಿಸುವುದಿಲ್ಲ. ಹಾಗಾಗಿ ಬರೆದ ಉತ್ತರ ಎಷ್ಟು ತೂಗುತ್ತದೆ ಎಂಬುದನ್ನು ಅಭ್ಯರ್ಥಿಯೇ ಅಳೆಯಲು ಕಲಿಯಬೇಕಾಗುತ್ತದೆ. ಅಭ್ಯಾಸದ ಉತ್ತರಗಳನ್ನು ತಿದ್ದುವ ನನ್ನಂಥವರು ಹೇಗೆ ಅಳೆಯುತ್ತೇವೆ ಎಂದು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡೋಣ.

ಅಭ್ಯಾಸಕ್ಕೆ ಕೊಟ್ಟ ಪ್ರಶ್ನೆ ಇದು: “ಪಂಚಾಯಿತಿಗಳಲ್ಲಿನ ಮೀಸಲಾತಿ ಮಹಿಳೆಯರಿಗೆ ಸ್ಥಾನ ಕೊಟ್ಟಿದೆ, ಅಧಿಕಾರ ಕೊಟ್ಟಿಲ್ಲ. ವಿಮರ್ಶಾತ್ಮಕವಾಗಿ ಪರಿಶೀಲಿಸಿ.” 150 ಪದ, 10 ಅಂಕ.

ಉತ್ತರ ಓದುವ ಮೊದಲು ನಾನು ಪ್ರಶ್ನೆಗೆ ಅಡಿಗೆರೆ ಹಾಕುತ್ತೇನೆ. ಇಲ್ಲಿ ಗೆರೆ ಬೀಳುವುದು ‘ಪಂಚಾಯಿತಿ’ಗೂ ಅಲ್ಲ, ‘ಮೀಸಲಾತಿ’ಗೂ ಅಲ್ಲ, ‘ಸ್ಥಾನ’ ಮತ್ತು ‘ಅಧಿಕಾರ’ಕ್ಕೆ. ಪ್ರಶ್ನೆ ಒಂದು ಆರೋಪ ಹೊರಿಸಿದೆ. ಆ ಆರೋಪ ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಹೇಳುವುದೇ ಉತ್ತರದ ಕೆಲಸ. ಈಗ ಒಬ್ಬ ಅಭ್ಯರ್ಥಿ ಶುರು ಮಾಡಿದ್ದು ನೋಡಿ:

“ಭಾರತದಲ್ಲಿ ಪ್ರಾಚೀನ ಕಾಲದಿಂದಲೂ ಗ್ರಾಮ ಸಭೆಗಳು ಅಸ್ತಿತ್ವದಲ್ಲಿದ್ದವು. ಗಾಂಧೀಜಿಯವರು ಗ್ರಾಮ ಸ್ವರಾಜ್ಯದ ಕನಸು ಕಂಡಿದ್ದರು. ಬಲವಂತರಾಯ್ ಮೆಹ್ತಾ ಸಮಿತಿಯ ಶಿಫಾರಸಿನಂತೆ 1959ರಲ್ಲಿ ರಾಜಸ್ಥಾನದ ನಾಗೌರ್‌ನಲ್ಲಿ ಪಂಚಾಯಿತಿ ರಾಜ್ ವ್ಯವಸ್ಥೆ ಆರಂಭವಾಯಿತು. 1992ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಬಂದಿತು.”

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ 27 ಪದ ಖರ್ಚಾಗಿದೆ, ಮಹಿಳೆಯ ಮಾತೇ ಬಂದಿಲ್ಲ. ಐದರಲ್ಲಿ ಒಂದು ಪಾಲು ಜಾಗ ಹೆಚ್ಚುಕಡಿಮೆ ಮುಗಿದೇಹೋಯಿತು. ಅದೇ ಅಭ್ಯರ್ಥಿ ತಿದ್ದಿ ಬರೆದಾಗ ಆರಂಭ ಹೀಗಾಯಿತು: “ಸಂವಿಧಾನದ 243ಡಿ ವಿಧಿ ಮೂರನೇ ಒಂದರಷ್ಟು ಸ್ಥಾನಗಳನ್ನು ಖಾತರಿಪಡಿಸಿತು, ಕರ್ನಾಟಕದಲ್ಲಿ ಆ ಪಾಲು ಈಗ ಅರ್ಧ. ಆದರೆ ಕುರ್ಚಿ ಕಾನೂನಿನಿಂದ ಬಂದಷ್ಟು ಸುಲಭವಾಗಿ ತೀರ್ಮಾನದ ಹಕ್ಕು ಬಂದಿಲ್ಲ.” ಇಪ್ಪತ್ತು ಪದಗಳಲ್ಲಿ ವಿಧಿಯೂ ಬಂತು, ವಾದವೂ ಶುರುವಾಯಿತು. ಪೀಠಿಕೆ ಇಷ್ಟು ಮಾಡಿದರೆ ಸಾಕು.

ಉತ್ತರದ ನಡುಭಾಗಕ್ಕೆ ಬಂದರೆ ಅಲ್ಲಿ ಐದು ಅನುಕೂಲಗಳ ಪಟ್ಟಿ, ಕೆಳಗೆ ಐದು ಅನನುಕೂಲಗಳ ಪಟ್ಟಿ. ಮಹಿಳೆಯರ ಆತ್ಮವಿಶ್ವಾಸ ಹೆಚ್ಚಿದೆ, ಭಾಗವಹಿಸುವಿಕೆ ಹೆಚ್ಚಿದೆ. ಗಂಡಂದಿರೇ ಆಡಳಿತ ನಡೆಸುತ್ತಾರೆ, ಶಿಕ್ಷಣದ ಕೊರತೆಯಿದೆ. ಎರಡೂ ಕಡೆ ಐದೈದು ಅಂಶ ಇದ್ದ ಮಾತ್ರಕ್ಕೆ ಉತ್ತರ ಸಮತೋಲನದ್ದಾಗಿದೆ ಎಂದು ತಿಳಿಯುವವರೇ ಹೆಚ್ಚು. ನಾನು ಒಪ್ಪುವುದಿಲ್ಲ. ಈ ಎರಡು ಪಟ್ಟಿಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿದರೂ ಉತ್ತರ ಬದಲಾಗುವುದಿಲ್ಲ. ಸಮತೋಲನ ಇದೆಯೋ ಇಲ್ಲವೋ ಎಂದು ನೋಡಲು ನಾನು ಹುಡುಕುವುದು ಒಂದೇ ಒಂದು ವಾಕ್ಯವನ್ನು: ಎದುರು ಪಕ್ಷದ ಬಲವಾದ ಮಾತನ್ನು ಒಪ್ಪಿಕೊಂಡು, ಅದು ಎಲ್ಲಿ ಸಾಲದು ಎಂದು ತೋರಿಸುವ ವಾಕ್ಯ.

ಈ ಪ್ರಶ್ನೆಯಲ್ಲಿ ಆ ವಾಕ್ಯ ಬರಬೇಕಾದರೆ ಒಳ್ಳೆಯ ಉದಾಹರಣೆ ಬೇಕು. ಅಭ್ಯರ್ಥಿ ಕೊಟ್ಟಿದ್ದು ಎರಡು ಉದಾಹರಣೆ. ಮೊದಲನೆಯದು, ರಾಜಸ್ಥಾನದ ಸೋಡಾ ಗ್ರಾಮದಲ್ಲಿ ಸರಪಂಚರಾದ ಎಂಬಿಎ ಪದವೀಧರೆ ಛವಿ ರಾಜಾವತ್. ಅವರ ಕೆಲಸದ ಬಗ್ಗೆ ತಕರಾರಿಲ್ಲ. ಆದರೆ ಅವರ ಅಜ್ಜ ಅದೇ ಊರಿನ ಸರಪಂಚರಾಗಿದ್ದವರು. ವಿದ್ಯೆ, ಮನೆತನ ಎರಡೂ ಜೊತೆಗಿದ್ದವರ ಯಶಸ್ಸಿನಲ್ಲಿ ಮೀಸಲಾತಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಎರಡನೆಯದು, ರಾಜಬಾಲಾ ಪ್ರಕರಣ. ಪಂಚಾಯಿತಿ ಚುನಾವಣೆಗೆ ನಿಲ್ಲುವವರಿಗೆ ಹರಿಯಾಣ ವಿಧಿಸಿದ ಕನಿಷ್ಠ ವಿದ್ಯಾರ್ಹತೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು. ತೂಕದ ತೀರ್ಪು, ಇಸವಿಯೂ ಸರಿ. ಆದರೆ ಅದು ಯಾರು ಸ್ಪರ್ಧಿಸಬಹುದು ಎಂಬುದಕ್ಕೆ ಸೇರಿದ್ದು. ಗೆದ್ದು ಕುರ್ಚಿಯಲ್ಲಿ ಕೂತ ಮೇಲೆ ತೀರ್ಮಾನ ಯಾರದು ಎಂಬ ನಮ್ಮ ಪ್ರಶ್ನೆಗೆ ಅದು ನೇರವಾಗಿ ಒದಗುವುದಿಲ್ಲ. ಓದಿದ್ದನ್ನೆಲ್ಲ ಎಲ್ಲಾದರೂ ಬಳಸಿಬಿಡಬೇಕು ಎಂಬ ಅವಸರ ಇಲ್ಲಿ ಕಾಣುತ್ತದೆ.

ಉದಾಹರಣೆಯನ್ನು ಪರೀಕ್ಷಿಸಲು ಸುಲಭದ ದಾರಿಯಿದೆ. ಅದನ್ನು ಬೆರಳಿನಿಂದ ಮುಚ್ಚಿ ಓದಿ. ವಾದ ಅಷ್ಟೇ ಗಟ್ಟಿಯಾಗಿ ಉಳಿದರೆ ಉದಾಹರಣೆ ಬರೀ ಅಲಂಕಾರ. ವಾದ ಕುಸಿದರೆ ಅದು ಆಧಾರ. ಇಲ್ಲಿ ಆಧಾರವಾಗಬಲ್ಲದ್ದು ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತೆರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನ. ಯಾವ ಪಂಚಾಯಿತಿಯ ಮುಖ್ಯಸ್ಥ ಸ್ಥಾನ ಮಹಿಳೆಗೆ ಮೀಸಲು ಎಂಬುದು ಯಾರ ಇಷ್ಟಾನಿಷ್ಟಕ್ಕೂ ಬಿಟ್ಟದ್ದಾಗಿರಲಿಲ್ಲ. ಹಾಗಾಗಿ ಮೀಸಲಾದ ಪಂಚಾಯಿತಿಗಳನ್ನು ಮೀಸಲಾಗದವುಗಳ ಪಕ್ಕ ಇಟ್ಟು ಹೋಲಿಸುವುದು ನ್ಯಾಯವಾಗಿತ್ತು. ಪಶ್ಚಿಮ ಬಂಗಾಳದಲ್ಲಿ ಮಹಿಳೆಯರು ಮುಖ್ಯಸ್ಥರಾದ ಕಡೆ ಕುಡಿಯುವ ನೀರಿಗೂ ರಸ್ತೆಗೂ ಹೆಚ್ಚು ಕೆಲಸವಾಗಿತ್ತು. ರಾಜಸ್ಥಾನದಲ್ಲಿ ನೀರಿಗೆ ಹೆಚ್ಚು, ರಸ್ತೆಗೆ ಕಡಿಮೆ. ಆಯಾ ರಾಜ್ಯದ ಮಹಿಳೆಯರು ಯಾವುದಕ್ಕಾಗಿ ಹೆಚ್ಚು ಅಹವಾಲು ಕೊಡುತ್ತಿದ್ದರೋ ಹಣ ಅತ್ತ ಹರಿದಿತ್ತು. ಗಂಡಂದಿರೇ ಎಲ್ಲವನ್ನೂ ನಡೆಸುತ್ತಿದ್ದರೆ ಈ ವ್ಯತ್ಯಾಸ ಕಾಣಬೇಕಾಗಿರಲಿಲ್ಲ.

ಇಷ್ಟೆಲ್ಲ ಉತ್ತರದಲ್ಲಿ ಹಿಡಿಸದು, ಹಿಡಿಸಬೇಕಾಗಿಯೂ ಇಲ್ಲ. ತಿದ್ದಿದ ಉತ್ತರದಲ್ಲಿ ಇದು ಹೀಗೆ ಬಂತು: “ಅಧ್ಯಕ್ಷೆಯ ಬದಲು ಗಂಡ ಸಭೆ ನಡೆಸುವ ದೂರು ಹಲವೆಡೆ ನಿಜ, ಆದರೂ ಚಟ್ಟೋಪಾಧ್ಯಾಯ–ಡುಫ್ಲೊ ಅಧ್ಯಯನ ತೋರಿಸಿದಂತೆ, ಮಹಿಳಾ ಮೀಸಲು ಪಂಚಾಯಿತಿಗಳಲ್ಲಿ ಹಣ ಮಹಿಳೆಯರು ಕೇಳಿದ ಕಡೆಗೇ ಹೋಗಿತ್ತು.” ನಾನು ಹುಡುಕುತ್ತಿದ್ದ ಆ ಒಂದು ವಾಕ್ಯ ಇದು. ಆರೋಪವನ್ನು ಒಪ್ಪಿತು, ಅದರ ಮಿತಿಯನ್ನೂ ತೋರಿಸಿತು.

ಕೊನೆಯ ಭಾಗದಲ್ಲಿ ಅಂಕ ಸೋರುವುದು ‘ಅರಿವು ಮೂಡಿಸಬೇಕು, ತರಬೇತಿ ನೀಡಬೇಕು, ಸರ್ಕಾರ ಕ್ರಮ ಕೈಗೊಳ್ಳಬೇಕು’ ಎಂಬ ಮಾತುಗಳಿಂದ. ಯಾವ ಪ್ರಶ್ನೆಗೆ ಅಂಟಿಸಿದರೂ ಅವು ಅಂಟಿಕೊಳ್ಳುತ್ತವೆ. ಪರಿಹಾರ ಹೇಳುವುದಾದರೆ ಅದು ನಡುಭಾಗದಲ್ಲಿ ಹೇಳಿದ ಕಾರಣಕ್ಕೆ ಉತ್ತರವಾಗಿರಬೇಕು. ಮೀಸಲು ಸ್ಥಾನ ಪ್ರತಿ ಚುನಾವಣೆಯಲ್ಲಿ ಬೇರೆ ಕಡೆಗೆ ಸರದಿಯಲ್ಲಿ ಹೋದರೆ, ಕೆಲಸ ಕಲಿತ ಮಹಿಳೆ ಮರಳಿ ನಿಲ್ಲುವ ಅವಕಾಶವೇ ಕಿರಿದಾಗುತ್ತದೆ. ಇದನ್ನು ಕಾರಣವಾಗಿ ಹೇಳಿದವರು ತಮಿಳುನಾಡಿನಂತೆ ಎರಡು ಅವಧಿಗೆ ಒಂದೇ ಸ್ಥಾನ ಮೀಸಲಿಡುವುದನ್ನು ಪರಿಹಾರವಾಗಿ ಹೇಳಬಹುದು. ಅಲ್ಲಿಂದ ತೀರ್ಮಾನ ಒಂದೇ ಹೆಜ್ಜೆ: ಹೇಳಿಕೆ ಅರ್ಧ ಸರಿ, ಆದ್ಯತೆಗಳು ಬದಲಾಗಿವೆ, ಆದರೆ ಅಧಿಕಾರ ಒಬ್ಬರಲ್ಲಿ ನೆಲೆಗೊಳ್ಳುವಷ್ಟು ಕಾಲ ಸಿಕ್ಕಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಪದಮಿತಿಯ ಬಗ್ಗೆ ಒಂದು ಮಾತು. ವಿಭಕ್ತಿ, ಸಮಾಸಗಳಿಂದಾಗಿ ನಮ್ಮ ಒಂದು ಪದ ಇಂಗ್ಲಿಷಿನ ಎರಡು ಮೂರು ಪದಗಳ ಕೆಲಸ ಮಾಡುತ್ತದೆ. ಆದ್ದರಿಂದ 120 ಪದಕ್ಕೆ ವಿಷಯ ಮುಗಿದರೆ 150 ತುಂಬಿಸಲು ಹೋಗಬೇಡಿ. 190ಕ್ಕೆ ಏರಿದರೆ ಮಾತ್ರ ಅಪಾಯ. ಆ ಹೆಚ್ಚುವರಿ ಎರಡು ನಿಮಿಷಗಳನ್ನು ಹದಿನೆಂಟನೆಯ, ಹತ್ತೊಂಬತ್ತನೆಯ ಪ್ರಶ್ನೆಗಳು ಕೊಡಬೇಕಾಗುತ್ತದೆ.

ಮೊದಲ ಉತ್ತರಕ್ಕೆ ನಾನು ಹತ್ತಕ್ಕೆ ಮೂರು ಅಂಕ ಹಾಕಿದ್ದೆ, ತಿದ್ದಿದ್ದಕ್ಕೆ ಐದೂವರೆ. ನಿಮ್ಮ ಉತ್ತರವನ್ನು ನೀವೇ ತೂಗಬೇಕೆಂದಿದ್ದರೆ ಪ್ರಶ್ನೆಯನ್ನು ಮರೆಮಾಡಿ ಸ್ನೇಹಿತರ ಕೈಗೆ ಕೊಡಿ, ಇದಕ್ಕೆ ಪ್ರಶ್ನೆ ಏನಿದ್ದೀತು ಎಂದು ಬರೆಯಹೇಳಿ. ಅವರು ‘ಪಂಚಾಯಿತಿ ರಾಜ್ ಕುರಿತು ಟಿಪ್ಪಣಿ ಬರೆಯಿರಿ’ ಎಂದು ಬರೆದರೆ, ಉತ್ತರವನ್ನು ಮೊದಲಿನಿಂದ ಬರೆಯಿರಿ.