ಮೈಕ್ ಒತ್ತಿ ಕೇಳುವವರಿಗೆ ಸಿಗುವ ಹಾಗೆ

ಮಳೆಗಾಲ ಹತ್ತಿರ ಬಂದರೆ ಅಡಿಕೆ ಬೆಳೆಗಾರರು ಯೂಟ್ಯೂಬಿನಲ್ಲಿ ಕೊಳೆರೋಗದ ಮದ್ದು ಹುಡುಕುತ್ತಾರೆ. ಟೈಪ್ ಮಾಡುವವರು ‘ಬೋರ್ಡೋ ಅಡಿಕೆ’ ಎಂದು ಎರಡು ಪದ ಒತ್ತಿ ಸುಮ್ಮನಾಗುತ್ತಾರೆ. ಮೈಕ್ ಒತ್ತುವವರು ಪಕ್ಕದ ತೋಟದವರನ್ನು ವಿಚಾರಿಸುವಂತೆ ‘ನೂರು ಲೀಟರ್ ಬೋರ್ಡೋಗೆ ಸುಣ್ಣ ಎಷ್ಟು ಹಾಕಬೇಕು?’ ಎಂದು ಇಡೀ ಪ್ರಶ್ನೆ ಕೇಳುತ್ತಾರೆ. ಗೂಗಲ್‌ನ ಧ್ವನಿ ಹುಡುಕಾಟಕ್ಕೆ 2017ರಲ್ಲಿ ಕನ್ನಡವೂ ಸೇರಿದ್ದರಿಂದ ಈ ಪ್ರಶ್ನೆಯನ್ನು ನಮ್ಮ ಭಾಷೆಯಲ್ಲೇ ಕೇಳಬಹುದು.

ವಿಡಿಯೊ ಹಾಕುವವರು ಮಾತ್ರ ವಿವರಣೆಯ ಜಾಗದಲ್ಲಿ ಇನ್ನೂ ‘ಅಡಿಕೆ, ಬೋರ್ಡೋ, ಕೊಳೆರೋಗ, ರೈತ, ಮಲೆನಾಡು’ ಎಂದು ಪದಗಳ ರಾಶಿ ಸುರಿಯುತ್ತಾರೆ. ಹೀಗೆ ಟ್ಯಾಗ್ ತುಂಬುವುದು ಯೂಟ್ಯೂಬಿನ ನಿಯಮಕ್ಕೇ ವಿರುದ್ಧ. ಅದರ ಬದಲು ಜನ ಕೇಳುವ ಪ್ರಶ್ನೆಯನ್ನೇ ಬರೆದು, ಕೆಳಗೆ ಉತ್ತರ ಕೊಡಬೇಕು:

‘ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ ಎಷ್ಟು ಹಾಕಬೇಕು? ಶೇಕಡ 1ರ ದ್ರಾವಣಕ್ಕೆ ತಲಾ 1 ಕೆ.ಜಿ. ಎರಡನ್ನೂ 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು.’

‘ಬೋರ್ಡೋ ಸರಿಯಾಗಿದೆಯಾ ಅಂತ ನೋಡೋದು ಹೇಗೆ? ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಿ. ಕೆಂಪು ಬಣ್ಣ ಹತ್ತಿದರೆ ಸುಣ್ಣ ಇನ್ನೂ ಬೇಕು.’

ಎರಡನೆಯ ಪ್ರಶ್ನೆ ಆಡುಮಾತಿನಲ್ಲಿರುವುದು ಬೇಕೆಂದೇ. ಪುಸ್ತಕದ ಕನ್ನಡದಲ್ಲಿ ‘ಸಿಂಪಡಣೆ’ ಎನ್ನುವುದನ್ನು ತೋಟದಲ್ಲಿ ‘ಮದ್ದು ಹೊಡೆಯೋದು’ ಎನ್ನುತ್ತಾರೆ, ಫೋನಿಗೂ ಅದನ್ನೇ ಹೇಳುತ್ತಾರೆ. ಒಂದು ಪ್ರಶ್ನೆ ಹೀಗೆ, ಇನ್ನೊಂದು ಹಾಗೆ ಇದ್ದರೆ ಎರಡು ಬಗೆಯವರಿಗೂ ಆಯಿತು. ಒಂದೇ ಪ್ರಶ್ನೆಯನ್ನು ಹತ್ತು ರೂಪದಲ್ಲಿ ತಿರುಗಿಸಿ ಬರೆದರೆ ಅದೂ ಪದಗಳ ರಾಶಿಯೇ. ಮೂರು ನಾಲ್ಕು ಪ್ರಶ್ನೆ ಧಾರಾಳ ಸಾಕು. ಮುಖ್ಯವಾದದ್ದು ಮೊದಲ ಸಾಲಿನಲ್ಲೇ ಇರಲಿ.

ಪ್ರಶ್ನೆಗಳನ್ನು ಊಹಿಸುತ್ತ ಕೂರಬೇಕಿಲ್ಲ. ಯೂಟ್ಯೂಬ್ ಸ್ಟುಡಿಯೊದ ಅನಲಿಟಿಕ್ಸ್‌ನಲ್ಲಿ, ನೋಡುಗರು ಏನೆಂದು ಹುಡುಕಿ ನಿಮ್ಮ ವಿಡಿಯೊಗೆ ಬಂದರೆಂಬ ಪಟ್ಟಿ ಇರುತ್ತದೆ. ಅಲ್ಲಿ ‘ಎಷ್ಟು’, ‘ಯಾವಾಗ’, ‘ಹೇಗೆ’ ಇರುವ ಉದ್ದ ಸಾಲು ಕಂಡರೆ ಅದು ಮೈಕ್‌ನಿಂದ ಬಂದದ್ದೇ ಇರಬಹುದು. ವಿಡಿಯೊದ ಕೆಳಗೆ ಜನ ಕೇಳಿದ ಪ್ರಶ್ನೆಗಳೂ ಉಪಯೋಗಕ್ಕೆ ಬರುತ್ತವೆ.

ಇಷ್ಟು ಮಾಡಿದರೆ ವಿಡಿಯೊ ಮೇಲೇರಿಯೇ ಬಿಡುತ್ತದೆ ಎನ್ನುವವರನ್ನು ನಂಬಬೇಡಿ. ಶೀರ್ಷಿಕೆ ಹೇಗಿದೆ, ಬಂದವರು ಎಷ್ಟು ಹೊತ್ತು ನೋಡಿದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸುಣ್ಣದ ಅಳತೆ ಕೇಳಿ ಬಂದವರಿಗೆ ಐದು ನಿಮಿಷ ತೋಟದ ಸೊಬಗನ್ನೇ ತೋರಿಸಿದರೆ ಅವರು ಎದ್ದು ಹೋಗುತ್ತಾರೆ. ವಿಡಿಯೊದಲ್ಲಿ ಉತ್ತರವಿಲ್ಲದ ಪ್ರಶ್ನೆಯನ್ನು ವಿವರಣೆಯಲ್ಲಿ ಬರೆಯಲೇಬೇಡಿ.