ಬಾಕಿ ಬಿಲ್ಲಿಗೆ ಕಂತಿನ ಪತ್ರ

ಉದ್ರಿಯಲ್ಲಿ ತಂದ ಸರಕಿನ ಬಿಲ್ಲು ಗಡುವು ಮೀರಿದಾಗ ಅಂಗಡಿಯವರು ಸಗಟು ವ್ಯಾಪಾರಿಗೆ ಬರೆಯುವ ಕಂತಿನ ಪತ್ರ ಎರಡು ಕೆಲಸ ಮಾಡುತ್ತದೆ. ಒಂದು, ಕಾಲಾವಕಾಶ ಕೇಳುತ್ತದೆ. ಇನ್ನೊಂದು, ಬಾಕಿ ಇಷ್ಟು ಇದೆ ಎಂದು ಸಹಿ ಹಾಕಿ ಒಪ್ಪಿಕೊಳ್ಳುತ್ತದೆ. ಹೆಚ್ಚಿನ ಪತ್ರಗಳಲ್ಲಿ ಮೊದಲನೆಯದೇ ತುಂಬಿರುತ್ತದೆ. ವ್ಯಾಪಾರ ಇಲ್ಲ, ಮನೆಯಲ್ಲಿ ತೊಂದರೆ, ಸ್ವಲ್ಪ ಸ್ವಲ್ಪವಾಗಿ ತೀರಿಸುತ್ತೇನೆ ಎಂಬಷ್ಟರಲ್ಲಿ ಪತ್ರ ಮುಗಿದಿರುತ್ತದೆ. ಅದನ್ನು ಓದಿದ ಸಗಟು ವ್ಯಾಪಾರಿಗೆ ಯಾವ ತಾರೀಖಿಗೆ ಎಷ್ಟು ಹಣ ಬರುತ್ತದೆಂದು ತಿಳಿಯುವುದಿಲ್ಲ. ಅವರೂ ಕಂಪನಿಗೆ ದಿನ ಎಣಿಸಿ ಹಣ ಕಟ್ಟಬೇಕಾದವರು. ಅವರಿಗೆ ಬೇಕಾಗಿರುವುದು ಅಂಕಿ ಮತ್ತು ತಾರೀಖು.

ತಾಲ್ಲೂಕು ಕೇಂದ್ರವೊಂದರ ಬಣ್ಣ ಮತ್ತು ಹಾರ್ಡ್‌ವೇರ್ ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಸಗಟು ಮಳಿಗೆಯಿಂದ 30 ದಿನದ ಉದ್ರಿಯಲ್ಲಿ ಮೂರು ಸಲ ಸರಕು ಬಂದಿದೆ: 2025ರ ಡಿಸೆಂಬರ್ 10ರ ಬಿಲ್ಲು 84,500 ರೂಪಾಯಿ, 2026ರ ಜನವರಿ 6ರದು 62,300, ಜನವರಿ 28ರದು 41,200. ಒಟ್ಟು 1,88,000. ಮೊದಲ ಬಿಲ್ಲಿನ ಕೆಲವು ಬಣ್ಣದ ಡಬ್ಬಿಗಳು ಸೋರಿದ್ದರಿಂದ ವಾಪಸು ಹೋಗಿ, 8,000 ರೂಪಾಯಿಯ ಕ್ರೆಡಿಟ್ ನೋಟ್ ಬಂದಿದೆ. ಉಳಿದ ಬಾಕಿ 1,80,000. ಪತ್ರ ಬರೆಯುವ ದಿನ 2026ರ ಏಪ್ರಿಲ್ 5.

ಪತ್ರ ಬರೆಯುವ ಮೊದಲು ಎರಡೂ ಕಡೆಯ ಲೆಡ್ಜರ್ ತಾಳೆಯಾಗಬೇಕು. ವಾಪಸು ಹೋದ ಮಾಲು, ಕಡಿಮೆ ಬಂದ ಮಾಲು, ಕೊಡುತ್ತೇವೆಂದು ಹೇಳಿ ಜಮಾ ಆಗದ ಸ್ಕೀಮ್ ರಿಯಾಯಿತಿ, ಇವುಗಳಿಂದಲೇ ವ್ಯತ್ಯಾಸ ಹುಟ್ಟುವುದು ಹೆಚ್ಚು. ತಕರಾರಿರುವ ಮೊತ್ತವನ್ನು ಬಾಕಿಯೊಳಗೆ ಸೇರಿಸದೆ ಪತ್ರದಲ್ಲಿ ಬೇರೆಯಾಗಿ ಹೇಳುವುದು ಒಳ್ಳೆಯದು. ಇದಕ್ಕೆ ಕಾನೂನಿನ ಕಾರಣವೂ ಇದೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಉದ್ರಿ ಸರಕಿನ ಹಣಕ್ಕೆ ದಾವೆ ಹೂಡಲು ಉದ್ರಿಯ ಗಡುವು ಮುಗಿದಂದಿನಿಂದ ಮೂರು ವರ್ಷ ಅವಕಾಶ. ಆ ಮೂರು ವರ್ಷದೊಳಗೆ ಸಾಲಗಾರರು ಬರಹದಲ್ಲಿ ಸಾಲ ಒಪ್ಪಿ ಸಹಿ ಹಾಕಿದರೆ, 18ನೇ ಸೆಕ್ಷನ್‌ನಂತೆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಎಣಿಕೆಯಾಗುತ್ತದೆ. ಸಗಟು ವ್ಯಾಪಾರಿಗೆ ಈ ಪತ್ರದಿಂದ ಸಿಗುವ ನಿಜವಾದ ಲಾಭ ಇದು. ಅಂಗಡಿಯವರು ಇದನ್ನು ತಿಳಿದೇ ಸಹಿ ಹಾಕಬೇಕು. ಒಪ್ಪಿದ ಅಂಕಿಯನ್ನು ಆಮೇಲೆ ಅಲ್ಲಗಳೆಯುವುದು ಕಷ್ಟ.

ಮುಂದಿನದು ಬಡ್ಡಿ. ವ್ಯಾಪಾರದ ಮಾತಿನಲ್ಲಿ ‘ಒಂದು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ, ವರ್ಷಕ್ಕೆ ಶೇ. 12. ಪತ್ರದಲ್ಲಿ ದರ ಬರೆದರಷ್ಟೇ ಸಾಲದು, ಬಡ್ಡಿ ಯಾವ ಮೊತ್ತದ ಮೇಲೆ ಎಂಬುದೂ ಇರಬೇಕು. 1,80,000ದ ಮೇಲೆ ಆರು ತಿಂಗಳೂ ಒಂದೇ ಸಮನೆ ಒಂದು ರೂಪಾಯಿ ಬಡ್ಡಿ ಹಾಕಿದರೆ 10,800 ಆಗುತ್ತದೆ. ಕಂತು ಕಟ್ಟಿದಂತೆ ಇಳಿಯುವ ಅಸಲಿನ ಮೇಲೆ ಹಾಕಿದರೆ, ಮುಂದೆ ಕೊಟ್ಟಿರುವ ಕಂತುಗಳ ಲೆಕ್ಕದಲ್ಲಿ 6,085 ರೂಪಾಯಿ ಸಾಕು. ‘ಉಳಿದ ಅಸಲಿನ ಮೇಲೆ’ ಎಂಬ ಮಾತು ಬಿಟ್ಟುಹೋದರೆ 4,715 ರೂಪಾಯಿ ಜಗಳಕ್ಕೆ ಬೀಳುತ್ತದೆ.

ಹಳೆಯ ಬಡ್ಡಿಯ ಮಾತನ್ನೂ ಇಲ್ಲೇ ಮುಗಿಸಬೇಕು. ಗಡುವು ಮೀರಿದರೆ ಶೇ. 24 ಬಡ್ಡಿ ಎಂದು ಅನೇಕ ಸಗಟು ಬಿಲ್ಲುಗಳ ಅಡಿಯಲ್ಲಿ ಅಚ್ಚಾಗಿರುತ್ತದೆ. ಈ ಮೂರು ಬಿಲ್ಲುಗಳ ಗಡುವು ಜನವರಿ 9, ಫೆಬ್ರವರಿ 5 ಮತ್ತು ಫೆಬ್ರವರಿ 27ಕ್ಕೆ ಮುಗಿದಿದೆ. ಅಲ್ಲಿಂದ ಏಪ್ರಿಲ್ 5ರವರೆಗೆ ಆ ದರದಲ್ಲಿ ಸುಮಾರು 7,700 ರೂಪಾಯಿ ಬೆಳೆದಿದೆ. ಅದನ್ನು ಬಿಡಬೇಕೆಂದು ಕೇಳುವುದೋ, ಕಡಿಮೆ ದರದಲ್ಲಿ ಕೊಡುವುದೋ, ಏನಾದರೊಂದನ್ನು ಬರೆಯಬೇಕು. ಸುಮ್ಮನಿದ್ದರೆ ಕೊನೆಯ ಕಂತು ಕಟ್ಟಿದ ದಿನ ಆ ಲೆಕ್ಕ ಮತ್ತೆ ತೆರೆದುಕೊಳ್ಳುತ್ತದೆ. ಜಿಎಸ್‌ಟಿ ಕಾಯ್ದೆಯಲ್ಲಿ ತಡವಾದ ಹಣಕ್ಕೆ ಪಡೆಯುವ ಬಡ್ಡಿಯೂ ಸರಕಿನ ಬೆಲೆಗೇ ಸೇರುವುದರಿಂದ, ಒಪ್ಪಿದ ಬಡ್ಡಿಯೊಳಗೆ ತೆರಿಗೆ ಇದೆಯೋ ಇಲ್ಲವೋ ಎಂಬುದಕ್ಕೂ ಒಂದು ಮಾತು ಬೇಕು.

ಸರಕು ಕೊಟ್ಟವರು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ತಯಾರಕರಾಗಿದ್ದರೆ ಲೆಕ್ಕ ಬೇರೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚಿನ ಉದ್ರಿಯನ್ನು ಮಾನ್ಯ ಮಾಡುವುದಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಸರಕು ಕೊಂಡು ಮಾರುವ ಸಗಟು ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲ. ಆದ್ದರಿಂದ ದರ ಸೂಚಿಸುವ ಮೊದಲು ಎದುರಿನವರು ತಯಾರಕರೋ ವ್ಯಾಪಾರಿಯೋ ಎಂದು ನೋಡಿಕೊಳ್ಳಬೇಕು.

ಕಂತಿನ ಮೊತ್ತವನ್ನು ಬಾಕಿಯನ್ನು ಆರರಿಂದ ಭಾಗಿಸಿ ಗೊತ್ತುಮಾಡುವುದು ರೂಢಿ. ಪತ್ರಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಬಣ್ಣದ ವ್ಯಾಪಾರ ಬೇಸಿಗೆಯಲ್ಲಿ ನಡೆಯುತ್ತದೆ, ಮಳೆ ಹಿಡಿದ ಜುಲೈ, ಆಗಸ್ಟ್‌ನಲ್ಲಿ ಗೋಡೆಗೆ ಬಣ್ಣ ಹೊಡೆಯುವವರಿಲ್ಲ, ದಸರಾ ದೀಪಾವಳಿಗೆ ಮುನ್ನ ಮತ್ತೆ ಏಳುತ್ತದೆ. ಕಂತು ಈ ಏರಿಳಿತವನ್ನೇ ಅನುಸರಿಸಬೇಕು. ಹಿಂದಿನ ವರ್ಷದ ಅದೇ ತಿಂಗಳ ಮಾರಾಟದಲ್ಲಿ ಸರಕಿನ ಅಸಲು, ಬಾಡಿಗೆ, ಸಂಬಳ, ಕರೆಂಟು, ಬ್ಯಾಂಕ್ ಕಂತು ಮತ್ತು ಮನೆಖರ್ಚು ಕಳೆದು ಉಳಿದದ್ದೆಷ್ಟೋ, ಅದರೊಳಗೆ ಕಂತು ನಿಲ್ಲಬೇಕು.

ಇನ್ನೊಂದು ತಾರೀಖೂ ಕಣ್ಣಿಗೆ ಬೀಳಬೇಕು. ಬಿಲ್ಲಿನ ದಿನದಿಂದ 180 ದಿನದೊಳಗೆ ಹಣ ಕೊಡದಿದ್ದರೆ, ಆ ಬಿಲ್ಲಿನ ಮೇಲೆ ಪಡೆದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ಟನ್ನು ಅಂಗಡಿಯವರು ಬಡ್ಡಿ ಸಮೇತ ಹಿಂತಿರುಗಿಸಬೇಕು. ಹಣ ಕೊಟ್ಟ ಮೇಲೆ ಕ್ರೆಡಿಟ್ ಮರಳಿ ಸಿಗುತ್ತದೆ, ಆ ಬಡ್ಡಿ ಸಿಗುವುದಿಲ್ಲ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಕ್ರೆಡಿಟ್ಟೇ ಇಲ್ಲದ ಕಾರಣ ಈ ತೊಂದರೆಯೂ ಇಲ್ಲ. ಡಿಸೆಂಬರ್ 10ರ ಬಿಲ್ಲಿಗೆ 180 ದಿನ ತುಂಬುವುದು ಜೂನ್ 8ಕ್ಕೆ. ಕ್ರೆಡಿಟ್ ನೋಟ್ ಕಳೆದು ಅದರಲ್ಲಿ ಉಳಿದಿರುವುದು 76,500. ಮೊದಲ ಎರಡು ಕಂತುಗಳಲ್ಲಿ ಅಷ್ಟನ್ನೂ ತೀರಿಸಿದರೆ ಆ ಬಿಲ್ಲು ಪಾರಾಗುತ್ತದೆ. ಉಳಿದ ಎರಡಕ್ಕೆ ಜುಲೈ 5 ಮತ್ತು 27ರಂದು 180 ದಿನ ತುಂಬುತ್ತದೆ, ಅಷ್ಟರಲ್ಲಿ ಅವು ತೀರುವುದಿಲ್ಲ. ಶೇ. 18ರ ತೆರಿಗೆಯಲ್ಲಿ ಸುಮಾರು 13,000 ರೂಪಾಯಿಯ ಕ್ರೆಡಿಟ್ ತಾತ್ಕಾಲಿಕವಾಗಿ ಕೈಬಿಡುತ್ತದೆ. ಅದು ಸರಿಯಾಗಿ ಮಳೆಗಾಲದ ತಿಂಗಳಲ್ಲೇ ಬರುವುದರಿಂದ ಆ ಹಣವನ್ನು ಮೊದಲೇ ತೆಗೆದಿಟ್ಟು ಕಂತು ಹೇಳಬೇಕು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಪತ್ರ ಚಿಕ್ಕದಾಗಿಯೇ ಇರಬಹುದು:

“ಮಾನ್ಯರೇ, ತಮ್ಮ ಮೂರು ಬಿಲ್ಲುಗಳ ಬಾಬ್ತು, 8,000 ರೂ. ಕ್ರೆಡಿಟ್ ನೋಟ್ ಕಳೆದು, ಇಂದಿಗೆ ನಮ್ಮಿಂದ ತಮಗೆ ಬರಬೇಕಾದ ಅಸಲು 1,80,000 ರೂ. ಎಂದು ಲೆಕ್ಕ ತಾಳೆ ನೋಡಿ ಒಪ್ಪಿದ್ದೇವೆ. ಬಿಲ್ಲುಗಳ ವಿವರ ಮತ್ತು ಲೆಡ್ಜರ್ ಪ್ರತಿ ಲಗತ್ತಿಸಿದೆ. ಗುತ್ತಿಗೆದಾರರಿಂದ ನಮಗೆ ಬರಬೇಕಾದ ಹಣ ನಿಂತಿರುವುದರಿಂದ ಗಡುವಿನೊಳಗೆ ಕೊಡಲಾಗಲಿಲ್ಲ.

ಅಸಲನ್ನು ಮೇ 5ಕ್ಕೆ 40,000, ಜೂನ್ 5ಕ್ಕೆ 36,500, ಜುಲೈ 5ಕ್ಕೆ 18,500, ಆಗಸ್ಟ್ 5ಕ್ಕೆ 20,000, ಸೆಪ್ಟೆಂಬರ್ 5ಕ್ಕೆ 30,000, ಅಕ್ಟೋಬರ್ 5ಕ್ಕೆ 35,000 ರೂ.ನಂತೆ ತೀರಿಸುತ್ತೇವೆ. ಇಂದಿನಿಂದ ಉಳಿದ ಅಸಲಿನ ಮೇಲೆ ತಿಂಗಳಿಗೆ ಶೇ. 1ರ ಸರಳ ಬಡ್ಡಿಯನ್ನು, ಜಿಎಸ್‌ಟಿ ಸೇರಿ, ಆಯಾ ಕಂತಿನ ಜೊತೆಗೇ ಕೊಡುತ್ತೇವೆ. ಇಂದಿನವರೆಗಿನ ಬಡ್ಡಿಯನ್ನು ಬಿಟ್ಟುಕೊಡಬೇಕೆಂದು ವಿನಂತಿ. ಕಂತಿನ ಹಣವನ್ನು ಹಳೆಯ ಬಿಲ್ಲಿನಿಂದ ಮೊದಲ್ಗೊಂಡು ಇವೇ ಮೂರು ಬಿಲ್ಲುಗಳಿಗೆ ಜಮಾ ಮಾಡಿಕೊಳ್ಳಬೇಕು. ಬಾಕಿ ತೀರುವ ತನಕ ಹೊಸ ಸರಕನ್ನು ನಗದು ಕೊಟ್ಟೇ ಒಯ್ಯುತ್ತೇವೆ.

ಯಾವುದೇ ಕಂತು ಏಳು ದಿನ ಮೀರಿದರೆ ಆ ಕಂತಿಗೆ, ತಡವಾದಷ್ಟು ದಿನಕ್ಕೆ, ವರ್ಷಕ್ಕೆ ಶೇ. 18ರ ಬಡ್ಡಿ ಕೊಡುತ್ತೇವೆ. ಸತತ ಎರಡು ಕಂತು ತಪ್ಪಿದರೆ ಉಳಿದದ್ದನ್ನು ಒಟ್ಟಿಗೆ ಕೇಳುವ ಹಕ್ಕು ತಮ್ಮದು. ಒಪ್ಪಿಗೆಯಿದ್ದರೆ ಜೊತೆಗಿರುವ ಪ್ರತಿಗೆ ಸಹಿ, ಮೊಹರು ಹಾಕಿ ಕಳುಹಿಸಬೇಕಾಗಿ ಕೋರಿಕೆ.”

ಮೊದಲ ಕಂತಿಗೆ ಬಡ್ಡಿ 1,800 ಸೇರಿ 41,800 ಆಗುತ್ತದೆ, ಎರಡನೆಯದಕ್ಕೆ 1,40,000ದ ಬಡ್ಡಿ 1,400 ಸೇರಿ 37,900, ಕೊನೆಯದು 35,350. ಅಸಲು ಬಡ್ಡಿ ಎರಡೂ ಸೇರಿ 1,86,085.

ಜಮಾ ಮಾಡುವ ಬಗೆಗಿನ ಸಾಲನ್ನು ಬಿಡಬಾರದು. 1872ರ ಕರಾರು ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಹಣ ಕೊಡುವವರು ಇದು ಯಾವ ಸಾಲಕ್ಕೆ ಎಂದು ಹೇಳಿ ಕೊಟ್ಟರೆ, ಸ್ವೀಕರಿಸಿದವರು ಅದಕ್ಕೇ ಜಮಾ ಮಾಡಬೇಕು. ಹೇಳದೆ ಕೊಟ್ಟರೆ ಯಾವುದಕ್ಕೆ ಹಾಕಿಕೊಳ್ಳಬೇಕೆಂಬ ಆಯ್ಕೆ ಅವರದು. ಜೂನ್ ಕಂತು ಹೊಸ ಬಿಲ್ಲೊಂದಕ್ಕೆ ಹೋಗಿಬಿಟ್ಟರೆ ಹಳೆಯ ಬಿಲ್ಲು ಹಾಗೇ ಉಳಿದು, 180 ದಿನದ ಲೆಕ್ಕವೆಲ್ಲ ಕೆಡುತ್ತದೆ. ಪ್ರತಿ ಸಲ ಹಣ ಕಳುಹಿಸಿದಾಗ ‘ಏಪ್ರಿಲ್ 5ರ ಪತ್ರದ ಎರಡನೇ ಕಂತು, ಅಸಲು 36,500, ಬಡ್ಡಿ 1,400’ ಎಂದು ಒಂದು ಸಂದೇಶ ಹಾಕಿ ರಸೀದಿ ಪಡೆದರೆ ಸಾಕು.

ಭರವಸೆಗಾಗಿ ಮುಂದಿನ ತಾರೀಖಿನ ಚೆಕ್ಕುಗಳನ್ನು ಸಗಟು ವ್ಯಾಪಾರಿಗಳು ಕೇಳುವುದುಂಟು. ಕೊಡುವ ಮೊದಲು ಎರಡು ಸಲ ಯೋಚಿಸಬೇಕು. ಖಾತೆಯಲ್ಲಿ ಹಣವಿಲ್ಲದೆ ಚೆಕ್ ವಾಪಸಾದರೆ, 30 ದಿನದೊಳಗೆ ಅವರು ನೋಟಿಸ್ ಕೊಡಬಹುದು. ನೋಟಿಸ್ ತಲುಪಿ 15 ದಿನದಲ್ಲಿ ಹಣ ಕೊಡದಿದ್ದರೆ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೆಳಗೆ ಕ್ರಿಮಿನಲ್ ದೂರಿಗೆ ದಾರಿಯಾಗುತ್ತದೆ. ಕಂತು ತಪ್ಪುವ ಸೂಚನೆ ಇದ್ದರೆ ತಾರೀಖಿಗೆ ಮುಂಚೆಯೇ, ಹೊಸ ತಾರೀಖಿನೊಂದಿಗೆ ತಿಳಿಸಬೇಕು. ಫೋನ್ ಎತ್ತದ ಅಂಗಡಿಯವರ ಮೇಲೆ ಕೇಸು ಬೇಗ ಬೀಳುತ್ತದೆ.

ಸಗಟು ವ್ಯಾಪಾರಿಯ ಸಹಿ ಬರುವ ತನಕ ಇದು ಒಂದು ಪ್ರಸ್ತಾಪ ಮಾತ್ರ. ಅವರ ಮೌನವನ್ನು ಒಪ್ಪಿಗೆ ಎಂದುಕೊಳ್ಳಲಾಗದು. ಪತ್ರಕ್ಕೆ ಉತ್ತರಿಸದೆ ಮೊದಲ ಕಂತನ್ನು ಪಡೆದರೂ, ಬಾಕಿಯಲ್ಲಿ ಸ್ವಲ್ಪ ಬಂತು ಎಂದಷ್ಟೇ ಅವರು ಹೇಳಬಹುದು. ಹೀಗಾಗಿ ಮೊದಲ ಕಂತಿನ ಮುಂಚೆಯೇ ಸಹಿಯಾದ ಪ್ರತಿ ಕೈಗೆ ಬರಬೇಕು. ಅವರು ದರ ಅಥವಾ ತಾರೀಖು ಬದಲಿಸಿ ಸಹಿ ಹಾಕಿದ್ದರೆ ಅದು ಅವರ ಕಡೆಯ ಹೊಸ ಪ್ರಸ್ತಾಪವಾಗುತ್ತದೆ, ತಿದ್ದಿದ ಜಾಗದಲ್ಲಿ ಅಂಗಡಿಯವರ ಸಹಿಯೂ ಬೀಳಬೇಕಾಗುತ್ತದೆ. ಕೊನೆಯ ಕಂತು ಕಟ್ಟಿದ ದಿನ ಮೂರೂ ಬಿಲ್ಲುಗಳನ್ನು ಹೆಸರಿಸಿ ‘ಅಸಲು ಬಡ್ಡಿ ಪೂರ್ತಿ ಸಂದಾಯವಾಗಿದೆ’ ಎಂಬ ಬರಹ ಪಡೆದು, ಕೊಟ್ಟ ಚೆಕ್ಕುಗಳೇನಾದರೂ ಉಳಿದಿದ್ದರೆ ವಾಪಸು ತೆಗೆದುಕೊಂಡಲ್ಲಿಗೆ ಈ ಲೆಕ್ಕ ಚುಕ್ತಾ ಆಗುತ್ತದೆ.